ಕ್ಲಬ್ಬಿನ ಪ್ರಾಯೋಜಕತ್ವ ಪತ್ರ: ಬೇಡುವ ಭಾಷೆ ಬಿಟ್ಟು ಲೆಕ್ಕದ ಭಾಷೆಗೆ ತರುವುದು ಹೇಗೆ

ಜೂನ್ ಬಂತೆಂದರೆ ಕ್ಲಬ್ಬುಗಳ ಪತ್ರಗಳು ನನ್ನ ಮೇಜಿಗೆ ಬರುತ್ತವೆ. "ಮೇಡಂ, ಒಮ್ಮೆ ನೋಡಿ ಕೊಡಿ" ಅಂತ ಮಕ್ಕಳು ಇಟ್ಟು ಹೋಗುತ್ತಾರೆ. ಕ್ಲಬ್ ಬೇರೆ, ಕಾರ್ಯಕ್ರಮ ಬೇರೆ, ಆದರೆ ಪತ್ರ ಮಾತ್ರ ಪ್ರತಿ ವರ್ಷ ಒಂದೇ. ಸೋಲುವುದೂ ಒಂದೇ ರೀತಿ.

ಪಾಠ ಹೇಳುವ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ಉಡುಪಿಯ ಒಂದು ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಇಂಥ ಪತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಅಲ್ಲಿ ನೋಡಿದ್ದೇನೆ. ಬಿಲ್ ಪುಸ್ತಕದ ಕೆಳಗಿನ ಡ್ರಾಯರ್‌ಗೆ. ಅದೇ ಡ್ರಾಯರ್‌ನಲ್ಲಿ ಬ್ರಹ್ಮಕಲಶೋತ್ಸವದ ಮನವಿ, ಯಕ್ಷಗಾನ ಬಯಲಾಟದ ಕರಪತ್ರ, ಮೊಸರು ಕುಡಿಕೆಯ ರಶೀದಿ ಪುಸ್ತಕ ಎಲ್ಲವೂ ಇರುತ್ತಿತ್ತು. ಕಾಲೇಜಿನ ಪತ್ರವೂ ಅದೇ ಭಾಷೆಯಲ್ಲಿ ಇರುತ್ತಿದ್ದ ಕಾರಣ ಅದಕ್ಕೂ ಅದೇ ಉತ್ತರ ಸಿಗುತ್ತಿತ್ತು: "ಒಂದು 500 ಬರ್ಕೊಳ್ಳಿ."

ದೇವಸ್ಥಾನಕ್ಕೆ ಕೊಡುವವರು ಭಕ್ತಿಯಿಂದ ಕೊಡುತ್ತಾರೆ. ಅಲ್ಲಿ "ತನು ಮನ ಧನಗಳಿಂದ ಸಹಕರಿಸಿ" ಎಂಬ ಮಾತು ಸರಿಯಾಗಿಯೇ ಇದೆ. ರಸಪ್ರಶ್ನೆ ಸ್ಪರ್ಧೆಗೆ ಆ ಭಾಷೆ ತಂದರೆ ಪತ್ರ ವಂತಿಗೆಯ ಸಾಲಿಗೆ ಸೇರುತ್ತದೆ. ಅಲ್ಲಿಂದ ಅದನ್ನು ಹೊರಗೆ ತರುವ ಕ್ರಮ ಇಲ್ಲಿದೆ. ಇದಕ್ಕಾಗಿ ಒಂದು ಮಾದರಿ ಇಟ್ಟುಕೊಳ್ಳೋಣ. ಉಡುಪಿಯ ಒಂದು ಪದವಿ ಕಾಲೇಜಿನ ವಿಜ್ಞಾನ ಕ್ಲಬ್ ಪಿಯು ವಿದ್ಯಾರ್ಥಿಗಳಿಗೆ ಒಂದು ದಿನದ ರಸಪ್ರಶ್ನೆ ಮಾಡುತ್ತದೆ. ಪತ್ರ ಹೋಗಬೇಕಾಗಿರುವುದು ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಒಂದು ಬ್ಯಾಗ್ ಅಂಗಡಿಗೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಹಳೆಯ ಪತ್ರದ ಪ್ರತಿ, ಎರಡು ಬಣ್ಣದ ಪೆನ್ನು, ಕಾರ್ಯಕ್ರಮದ ಖರ್ಚಿನ ಪಟ್ಟಿ, ಹೋದ ವರ್ಷದ ಹಾಜರಿ ಅಥವಾ ನೋಂದಣಿ ಪುಸ್ತಕ, ಕಾಲೇಜಿನ ಲೆಟರ್‌ಹೆಡ್. ಪ್ರಾಂಶುಪಾಲರ ಒಪ್ಪಿಗೆ ಮೊದಲೇ ಬಾಯಿಮಾತಿನಲ್ಲಾದರೂ ಸಿಕ್ಕಿರಬೇಕು. ಪತ್ರ ಬರೆದಾದ ಮೇಲೆ "ಹೊರಗಿನವರ ಬ್ಯಾನರ್ ಕ್ಯಾಂಪಸ್ಸಿನಲ್ಲಿ ಬೇಡ" ಎಂದು ಗೊತ್ತಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

## ಹಂತ 1: ಹಳೆಯ ಪತ್ರಕ್ಕೆ ಎರಡು ಬಣ್ಣದ ಗೆರೆ ಎಳೆಯಿರಿ

ನಾನು ತಿದ್ದಿದ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗಿರುತ್ತವೆ:

> ಮಾನ್ಯರೇ, ನಮ್ಮ ಕಾಲೇಜಿನ ವಿಜ್ಞಾನ ಕ್ಲಬ್ ವಿದ್ಯಾರ್ಥಿಗಳ ಸರ್ವತೋಮುಖ ಬೆಳವಣಿಗೆಗಾಗಿ ಹಲವು ಕಾರ್ಯಕ್ರಮಗಳನ್ನು ನಡೆಸುತ್ತಾ ಬಂದಿದೆ. ಈ ವರ್ಷ ಅದ್ದೂರಿಯಾಗಿ ರಸಪ್ರಶ್ನೆ ಸ್ಪರ್ಧೆ ಹಮ್ಮಿಕೊಂಡಿದ್ದೇವೆ. ಇದಕ್ಕೆ ಅಪಾರ ಖರ್ಚು ತಗಲುವುದರಿಂದ ಕೊಡುಗೈ ದಾನಿಗಳಾದ ತಾವು ದೊಡ್ಡ ಮನಸ್ಸು ಮಾಡಿ ಕೈಲಾದ ಧನಸಹಾಯ ನೀಡಬೇಕೆಂದು ವಿನಮ್ರವಾಗಿ ಕೇಳಿಕೊಳ್ಳುತ್ತೇವೆ. ತಮ್ಮ ಸಂಸ್ಥೆಗೆ ಉತ್ತಮ ಪ್ರಚಾರ ನೀಡಲಾಗುವುದು.

ಕ್ಲಬ್ಬಿನ ಬಗ್ಗೆ, ಕ್ಲಬ್ಬಿನ ಕಷ್ಟದ ಬಗ್ಗೆ ಇರುವ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. ಅಂಗಡಿಯವರಿಗೆ ಸಂಬಂಧಪಟ್ಟ ವಾಕ್ಯಗಳಿಗೆ ನೀಲಿ. ಮೇಲಿನ ಪತ್ರದಲ್ಲಿ ನೀಲಿ ಬರುವುದು ಕೊನೆಯ ಒಂದೇ ವಾಕ್ಯಕ್ಕೆ. ಅದರಲ್ಲೂ ಯಾರಿಗೆ ಪ್ರಚಾರ, ಎಷ್ಟು ಜನಕ್ಕೆ, ಎಲ್ಲಿ ಎಂಬುದು ಇಲ್ಲ. "ತಾವು" ಎಂಬ ಮಾತಿರುವ ವಾಕ್ಯವನ್ನು ನೀಲಿ ಎಂದುಕೊಳ್ಳಬೇಡಿ. "ಕೊಡುಗೈ ದಾನಿಗಳಾದ ತಾವು" ಎನ್ನುವುದು ಹೊಗಳಿಕೆ. ಅದೂ ಕೆಂಪೇ.

ಈಗ ಪತ್ರದಲ್ಲಿ ಅಂಕಿ ಎಷ್ಟಿದೆ ಎಣಿಸಿ. ತಾರೀಕು, ಜನ, ಹಣ, ಸಮಯ, ಯಾವುದಾದರೂ ಸರಿ. ಮೇಲಿನದರಲ್ಲಿ ಒಂದೂ ಇಲ್ಲ. "ಅಪಾರ ಖರ್ಚು" ಎಂದು ಬರೆದ ಕಡೆ ಒಂದು ಅಂಕಿ ಇರಬೇಕಿತ್ತು. "ಕೈಲಾದ" ಎಂದು ಬರೆದ ಕಡೆಯೂ ಅಷ್ಟೇ. ಈ "ಕೈಲಾದ" ಎಂಬ ಒಂದು ಪದವೇ ಎಲ್ಲಕ್ಕಿಂತ ಜಾಸ್ತಿ ನಷ್ಟ ಮಾಡುವುದು. ಎಷ್ಟು ಕೊಡಬೇಕು ಎಂದು ಅಂಗಡಿಯವರೇ ಊಹಿಸಬೇಕಾಗುತ್ತದೆ. ಆಗ ಅವರು ವಂತಿಗೆಗೆ ಕೊಡುವ ಮೊತ್ತವನ್ನೇ ಕೊಡುತ್ತಾರೆ.

## ಹಂತ 2: ಖರ್ಚಿನ ಪಟ್ಟಿ ಮಾಡಿ, ಅದರಿಂದ ಒಂದು ತುಂಡು ಎತ್ತಿಕೊಳ್ಳಿ

ಪತ್ರಕ್ಕೆ ಇನ್ನೂ ಕೈ ಹಾಕಬೇಡಿ. ಮೊದಲು ಲೆಕ್ಕ. ನಮ್ಮ ಮಾದರಿಯಲ್ಲಿ 20 ಪಿಯು ಕಾಲೇಜುಗಳಿಂದ ತಲಾ ಎರಡು ತಂಡ, ತಂಡಕ್ಕೆ ಇಬ್ಬರು. ಅಂದರೆ 80 ವಿದ್ಯಾರ್ಥಿಗಳು. ಜೊತೆಗೆ ಕಾಲೇಜಿಗೊಬ್ಬರಂತೆ 20 ಅಧ್ಯಾಪಕರು, ನಮ್ಮ 20 ಸ್ವಯಂಸೇವಕರು. ಒಟ್ಟು 120 ಜನ.

ಊಟ ತಲಾ 90 ರೂ.ನಂತೆ 10,800. ಬಹುಮಾನ 5,000, 3,000, 2,000 ಸೇರಿ 10,000. ಪ್ರಮಾಣಪತ್ರ ಮತ್ತು ಫೈಲ್‌ಗೆ 2,400. ಬಟ್ಟೆಯ ಬ್ಯಾನರ್, ಬಜರ್ ಬಾಡಿಗೆ ಸೇರಿ 1,800. ಎಲ್ಲ ಕೂಡಿದರೆ 25,000. ಇದರಲ್ಲಿ 40 ತಂಡಗಳ ನೋಂದಣಿ ಶುಲ್ಕ ತಲಾ 200ರಂತೆ 8,000 ಬರುತ್ತದೆ, ಕಾಲೇಜು 7,000 ಕೊಡುತ್ತದೆ. ಕಡಿಮೆ ಬೀಳುವುದು 10,000.

ಈ ಲೆಕ್ಕ ಕೈಯಲ್ಲಿದ್ದರೆ ಕೇಳುವ ಧಾಟಿಯೇ ಬದಲಾಗುತ್ತದೆ. 15,000 ನಾವೇ ಹೊಂದಿಸಿಕೊಂಡಿದ್ದೇವೆ, ಉಳಿದದ್ದು 10,000, ಅದು ಬಹುಮಾನದ ಮೊತ್ತ. ಅಂಗಡಿಯವರಲ್ಲಿ ಕೇಳಬೇಕಾದ್ದು ಆ ಬಹುಮಾನದ ತುಂಡನ್ನು. "ಕಾರ್ಯಕ್ರಮಕ್ಕೆ ಹಣ" ಎಂದರೆ ಅದು ಎಲ್ಲಿ ಹೋಯಿತು ಎಂದು ಯಾರಿಗೂ ಕಾಣುವುದಿಲ್ಲ. "ಮೂರು ಬಹುಮಾನ" ಎಂದರೆ ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲೂ ಬರುತ್ತದೆ.

ಹಣದ ಬದಲು ವಸ್ತು ತೆಗೆದುಕೊಳ್ಳುವ ದಾರಿಯನ್ನೂ ಇಡಿ. ಗೆಲ್ಲುವ ಮೂರು ತಂಡಗಳಲ್ಲಿ ಆರು ಜನ. ಆರು ಬ್ಯಾಗು ಮತ್ತು 5,000 ರೂ. ಕೊಟ್ಟರೂ ನಮ್ಮ ಬಹುಮಾನ ಪೂರ್ತಿಯಾಗುತ್ತದೆ. ಅಂಗಡಿಯವರಿಗೆ ಬ್ಯಾಗು ಬೀಳುವುದು ಖರೀದಿ ದರದಲ್ಲಿ, ಮಾರಾಟದ ದರದಲ್ಲಿ ಅಲ್ಲ. ಹಾಗಾಗಿ ಹಣಕ್ಕೆ ಇಲ್ಲ ಎನ್ನುವವರೂ ಇದಕ್ಕೆ ಹೂಂ ಎನ್ನುವುದುಂಟು.

## ಹಂತ 3: ಈ ಅಂಗಡಿಗೆ ಏನು ಸಿಗುತ್ತದೆ ಎಂದು ಹುಡುಕಿ

ಇಲ್ಲಿ ಸಮಯ ಕೊಡಿ. ಪತ್ರದ ಜೀವ ಇರುವುದು ಈ ಹಂತದಲ್ಲಿ.

ಹೆಚ್ಚಿನ ಕ್ಲಬ್ಬುಗಳು ಚಿನ್ನ, ಬೆಳ್ಳಿ, ಕಂಚು ಅಂತ ಪ್ಯಾಕೇಜ್ ಮಾಡಿ ಪಟ್ಟಿ ಕೊಡುತ್ತವೆ. ದೊಡ್ಡ ಉತ್ಸವಕ್ಕೆ, ದೊಡ್ಡ ಕಂಪನಿಗೆ ಅದು ಸರಿ. 10,000 ರೂಪಾಯಿಯ ಕೆಲಸಕ್ಕೆ ಬೇಡ. ಎಲ್ಲರಿಗೂ ಒಂದೇ ಪಟ್ಟಿ ಹೋಗುತ್ತಿದೆ ಎಂದು ಅಂಗಡಿಯವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಬದಲಿಗೆ ಆ ಅಂಗಡಿಯ ಮುಂದೆ ಹೋಗಿ ಹತ್ತು ನಿಮಿಷ ನಿಲ್ಲಿ. ಯಾರು ಒಳಗೆ ಹೋಗುತ್ತಾರೆ? ಯಾವ ಹೊತ್ತಿಗೆ ಖಾಲಿ ಇರುತ್ತದೆ? ನಮ್ಮ ಕಾರ್ಯಕ್ರಮಕ್ಕೆ ಬರುವವರಿಗೂ ಆ ಅಂಗಡಿಗೂ ಯಾವ ದಾರಿಯಲ್ಲಿ ಸಂಬಂಧ?

ನಮ್ಮ ಮಾದರಿಯಲ್ಲಿ ಆ ದಾರಿ ನಿಜವಾಗಿಯೂ ಒಂದು ದಾರಿಯೇ. ಬೈಂದೂರು, ಕುಂದಾಪುರ, ಕಾರ್ಕಳ, ಹೆಬ್ರಿ ಕಡೆಯ ಮಕ್ಕಳು ಸಂಜೆ ಊರಿಗೆ ಹೋಗಲು ಬಸ್ ಹಿಡಿಯುವುದು ಸರ್ವಿಸ್ ಬಸ್ ನಿಲ್ದಾಣದಲ್ಲಿ. ಕಾರ್ಯಕ್ರಮ 3.30ಕ್ಕೆ ಮುಗಿಯುತ್ತದೆ. ಬಸ್ಸಿಗೆ ಮೊದಲು ಸ್ವಲ್ಪ ಹೊತ್ತು ಸಿಗುತ್ತದೆ. ಅಂಗಡಿ ಅಲ್ಲೇ ಪಕ್ಕದಲ್ಲಿದೆ. ಹಾಗಾದರೆ ಬ್ಯಾನರಿನಲ್ಲಿ ಹೆಸರು ಬರುವುದಕ್ಕಿಂತ ಆ ಮಕ್ಕಳ ಕೈಯಲ್ಲಿ ಅಂಗಡಿಯ ಒಂದು ಕೂಪನ್ ಇರುವುದು ಅಂಗಡಿಯವರಿಗೆ ಉಪಯೋಗ, ಅಲ್ವಾ?

ಕೂಪನ್ನಿಗೆ 001ರಿಂದ 100ರವರೆಗೆ ಕ್ರಮಸಂಖ್ಯೆ ಹಾಕಿ. 80 ವಿದ್ಯಾರ್ಥಿಗಳಿಗೆ, 20 ಅಧ್ಯಾಪಕರಿಗೆ ಒಂದೊಂದು. ರಿಯಾಯಿತಿ ಎಷ್ಟು ಎಂಬುದನ್ನು ಅಂಗಡಿಯವರೇ ನಿರ್ಧರಿಸಲಿ. ಆ ಸಂಜೆಯಿಂದ 15 ದಿನ ಚಾಲ್ತಿಯಲ್ಲಿರಲಿ. ಬಂದ ಕೂಪನ್ನುಗಳನ್ನು ಅವರು ಒಂದು ಡಬ್ಬದಲ್ಲಿ ಹಾಕಿದರೆ ಸಾಕು, ಎಷ್ಟು ಜನ ಬಂದರು ಎಂದು ನಾವು ಹೇಳುವುದೇ ಬೇಡ. ಅವರ ಡಬ್ಬವೇ ಹೇಳುತ್ತದೆ. ಹೀಗೆ ಅವರೇ ಎಣಿಸಿ ನೋಡಬಹುದಾದ ಲಾಭ ಪತ್ರದಲ್ಲಿ ಒಂದಾದರೂ ಇರಲಿ.

ಇನ್ನು, ಬರೆಯಲೇಬಾರದ ಮಾತುಗಳು. ಇವುಗಳಿಂದಲೇ ಒಳ್ಳೆಯ ಪತ್ರಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

"ಜಾಲತಾಣದಲ್ಲಿ ಸಾವಿರಾರು ಜನರಿಗೆ ತಲುಪುತ್ತದೆ" ಎನ್ನಬೇಡಿ. ಕ್ಲಬ್ಬಿನ ಇನ್‌ಸ್ಟಾಗ್ರಾಂ ಪುಟವನ್ನು 640 ಜನ ಅನುಸರಿಸುತ್ತಿದ್ದರೆ 640 ಎಂದೇ ಬರೆಯಿರಿ. ಅಂಗಡಿಯವರ ಮಗಳು ಎರಡು ನಿಮಿಷದಲ್ಲಿ ತೆರೆದು ನೋಡುತ್ತಾಳೆ.

"ಪತ್ರಿಕೆಗಳಲ್ಲಿ ನಿಮ್ಮ ಹೆಸರು ಬರುತ್ತದೆ" ಎನ್ನಬೇಡಿ. ವರದಿ ಹಾಕುವುದು, ಬಿಡುವುದು, ಪ್ರಾಯೋಜಕರ ಹೆಸರು ತೆಗೆಯುವುದು ಎಲ್ಲ ಪತ್ರಿಕೆಯವರ ಕೈಯಲ್ಲಿದೆ.

"ಊರಿಡೀ ಫ್ಲೆಕ್ಸ್" ಬೇಡ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ರಸ್ತೆ ಬದಿಯಲ್ಲಿ ಹಾಕಲು ನಗರಸಭೆಯ ಅನುಮತಿಯೂ ಬೇಕು. ಸಭಾಂಗಣದೊಳಗೆ ಒಂದು ಬಟ್ಟೆಯ ಬ್ಯಾನರ್ ಎಂದು ಬರೆದರೆ ಸಾಕು.

"ಭಾಗವಹಿಸುವವರ ಮೊಬೈಲ್ ನಂಬರ್ ಕೊಡುತ್ತೇವೆ" ಎಂದು ಯಾವ ಕಾರಣಕ್ಕೂ ಬರೆಯಬಾರದು. ಪಿಯು ಮಕ್ಕಳಲ್ಲಿ ಹೆಚ್ಚಿನವರು 18 ತುಂಬದವರು. ಅವರ ವಿವರ ನಮ್ಮದಲ್ಲ, ಹಂಚುವ ಹಕ್ಕೂ ನಮಗಿಲ್ಲ.

"80ಜಿ ತೆರಿಗೆ ವಿನಾಯಿತಿ ಇದೆ" ಎಂದು ಸುಮ್ನೆ ಸೇರಿಸಬೇಡಿ. ಕಾಲೇಜು ನಡೆಸುವ ಟ್ರಸ್ಟಿಗೆ ಆ ಮಾನ್ಯತೆ ಇದೆಯೇ ಎಂದು ಕಚೇರಿಯಲ್ಲಿ ಕೇಳಿ. ಇದ್ದರೂ ಅದು ದಾನಕ್ಕೆ. ಹೆಸರು, ಕೂಪನ್ ಎಲ್ಲ ಪಡೆದು ಕೊಡುವ ಹಣ ಜಾಹೀರಾತಿನ ಖರ್ಚಿಗೆ ಹತ್ತಿರ. ಅದನ್ನು ಹೇಗೆ ತೋರಿಸಬೇಕೆಂದು ಅವರ ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆ. ನಾವು ಸರಿಯಾದ ರಶೀದಿ ಕೊಟ್ಟರಾಯಿತು.

## ಹಂತ 4: ಹೊಸ ಪತ್ರವನ್ನು ಈ ಕ್ರಮದಲ್ಲಿ ಬರೆಯಿರಿ

ಒಂದೇ ಪುಟ. ಮೊದಲು ಏನು, ಯಾವಾಗ, ಯಾರು ಬರುತ್ತಾರೆ. ಆಮೇಲೆ ನಿಮಗೆ ಏನು ಸಿಗುತ್ತದೆ. ಅದಾದ ಮೇಲೆ ನಾವು ಏನು ಕೇಳುತ್ತೇವೆ. ಕೊನೆಗೆ ಹಣ ಹೇಗೆ, ಉತ್ತರ ಯಾವಾಗ. ಬೇಡುವ ಪತ್ರದಲ್ಲಿ ಕೇಳಿಕೆ ಮೊದಲು ಬಂದು ಲಾಭ ಬಾಲದಲ್ಲಿ ನೇತಾಡುತ್ತಿರುತ್ತದೆ. ಕ್ರಮ ತಿರುಗಿಸಿದರೆ ಅರ್ಧ ಕೆಲಸ ಆಯಿತು.

ಅಂಗಡಿಗೆ ಹೋಗುವ ಪತ್ರ ಕನ್ನಡದಲ್ಲಿರಲಿ. ಬ್ಯಾಂಕು, ಶೋರೂಮಿನಂಥ ಕಡೆ ಪತ್ರ ಮೇಲಿನ ಕಚೇರಿಗೆ ಹೋಗುವುದಿದ್ದರೆ ಇಂಗ್ಲಿಷಿನಲ್ಲಿ ಒಂದು ಪ್ರತಿ ಜೊತೆಗಿಡಿ.

ನಮ್ಮ ಮಾದರಿಯ ಪತ್ರ ತಿದ್ದಿದ ಮೇಲೆ ಹೀಗಾಯಿತು:

> ದಿನಾಂಕ: ಜೂನ್ 15
>
> ವಿಷಯ: ಜುಲೈ 18ರ ಅಂತರ ಕಾಲೇಜು ವಿಜ್ಞಾನ ರಸಪ್ರಶ್ನೆಯ ಬಹುಮಾನಗಳ ಪ್ರಾಯೋಜಕತ್ವ
>
> ಮಾನ್ಯರೇ,
>
> ಜುಲೈ 18, ಶನಿವಾರ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರವರೆಗೆ ನಮ್ಮ ಕಾಲೇಜಿನಲ್ಲಿ ಪಿಯು ವಿದ್ಯಾರ್ಥಿಗಳಿಗೆ ವಿಜ್ಞಾನ ರಸಪ್ರಶ್ನೆ ನಡೆಯಲಿದೆ. ಉಡುಪಿ ಜಿಲ್ಲೆಯ 20 ಕಾಲೇಜುಗಳ 80 ವಿದ್ಯಾರ್ಥಿಗಳಿಗೆ ಅವಕಾಶವಿದ್ದು, 20 ಅಧ್ಯಾಪಕರು ಜೊತೆಗಿರುತ್ತಾರೆ. ಹೋದ ವರ್ಷ 17 ಕಾಲೇಜುಗಳ 66 ವಿದ್ಯಾರ್ಥಿಗಳು ಭಾಗವಹಿಸಿದ್ದರು.
>
> ಇವರಲ್ಲಿ ಹಲವರು ಸಂಜೆ ಊರಿಗೆ ಮರಳುವುದು ನಿಮ್ಮ ಅಂಗಡಿಯ ಪಕ್ಕದ ಬಸ್ ನಿಲ್ದಾಣದಿಂದ. ಆದ್ದರಿಂದ ನಿಮಗೆ ಹೀಗೆ ಉಪಯೋಗವಾಗಬಹುದು ಎಂದುಕೊಂಡಿದ್ದೇವೆ. ಪ್ರತಿಯೊಬ್ಬರ ಫೈಲಿನಲ್ಲಿ ನಿಮ್ಮ ಅಂಗಡಿಯ, ಕ್ರಮಸಂಖ್ಯೆ ಇರುವ ಒಂದು ರಿಯಾಯಿತಿ ಕೂಪನ್ ಇಡುತ್ತೇವೆ. ರಿಯಾಯಿತಿ ಎಷ್ಟೆಂದು ನೀವು ತಿಳಿಸಿದರೆ ಮುದ್ರಣ ನಮ್ಮದು. ವೇದಿಕೆಯ ಬಟ್ಟೆಯ ಬ್ಯಾನರಿನಲ್ಲಿ ನಿಮ್ಮ ಅಂಗಡಿಯ ಹೆಸರಿರುತ್ತದೆ. ಬಹುಮಾನಗಳನ್ನು ನೀವು ಅಥವಾ ನಿಮ್ಮವರು ಬಂದು ವಿತರಿಸಬಹುದು. ಬ್ಯಾಗ್ ಮಾರಾಟದ ಬೇರೆ ಯಾವ ಅಂಗಡಿಯನ್ನೂ ಈ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳುವುದಿಲ್ಲ.
>
> ಒಟ್ಟು ಖರ್ಚು 25,000 ರೂ. ಇದರಲ್ಲಿ 15,000 ರೂ. ನೋಂದಣಿ ಶುಲ್ಕ ಮತ್ತು ಕಾಲೇಜಿನ ನಿಧಿಯಿಂದ ಬರುತ್ತದೆ. ಮೂರು ಬಹುಮಾನಗಳ 10,000 ರೂ.ಗಳನ್ನು ನಿಮ್ಮ ಅಂಗಡಿ ಪ್ರಾಯೋಜಿಸಬೇಕೆಂದು ಕೋರುತ್ತೇವೆ. ಆರು ಬ್ಯಾಗು ಮತ್ತು 5,000 ರೂ. ರೂಪದಲ್ಲಾದರೂ ಆಗಬಹುದು.
>
> ಹಣವನ್ನು ಕಾಲೇಜಿನ ಬ್ಯಾಂಕ್ ಖಾತೆಗೆ ಅಥವಾ ಕಾಲೇಜಿನ ಹೆಸರಿನ ಚೆಕ್ ಮೂಲಕ ಕೊಡಬಹುದು. ಕಚೇರಿಯಿಂದ ರಶೀದಿ ಸಿಗುತ್ತದೆ. ಮಳೆಗೆ ಜಿಲ್ಲಾಡಳಿತ ರಜೆ ಘೋಷಿಸಿದರೆ ಕಾರ್ಯಕ್ರಮ ಜುಲೈ 25, ಶನಿವಾರ ನಡೆಯುತ್ತದೆ. ಕಾರ್ಯಕ್ರಮ ಮುಗಿದ ಹತ್ತು ದಿನದೊಳಗೆ ಖರ್ಚಿನ ಲೆಕ್ಕ ಮತ್ತು ಫೋಟೊಗಳನ್ನು ನಿಮಗೆ ತಲುಪಿಸುತ್ತೇವೆ.
>
> ಜೂನ್ 25ರಂದು ಬಂದು ನಿಮ್ಮ ಅಭಿಪ್ರಾಯ ಕೇಳುತ್ತೇವೆ.

ಕೆಳಗೆ ವಿದ್ಯಾರ್ಥಿ ಕಾರ್ಯದರ್ಶಿ, ಕ್ಲಬ್ಬಿನ ಸಂಯೋಜಕರು, ಪ್ರಾಂಶುಪಾಲರು, ಮೂವರ ಸಹಿ. ಕಾಲೇಜಿನ ಮೊಹರು.

ಇದರಲ್ಲಿ ಮಳೆಯ ವಾಕ್ಯವನ್ನು ಮಕ್ಕಳು ತೆಗೆಯಲು ನೋಡುತ್ತಾರೆ. "ಅಶುಭ ಯಾಕೆ ಮೇಡಂ" ಅನ್ನುತ್ತಾರೆ. ತೆಗೆಯಬೇಡಿ. ಜುಲೈಯಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ರೆಡ್ ಅಲರ್ಟ್ ಬಂದು ಹಿಂದಿನ ರಾತ್ರಿ ರಜೆ ಘೋಷಣೆಯಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಮೊದಲೇ ಯೋಚಿಸಿದವರು ಹಣವನ್ನೂ ಸರಿಯಾಗಿ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಓದುವವರಿಗೆ ಬರುತ್ತದೆ.

ಹೋದ ವರ್ಷದ 66 ಎಂಬ ಅಂಕಿಯೂ ಹಾಗೆಯೇ. ಈ ವರ್ಷದ ಗುರಿಗಿಂತ ಅದು ಕಡಿಮೆ. ಆದರೂ ಇರಲಿ. 80 ಎಂಬುದು ನಿರೀಕ್ಷೆ, 66 ಎಂಬುದು ಆಗಿಹೋದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಓದುವವರು ತಾವೇ ಅಂದಾಜು ಮಾಡಿಕೊಳ್ಳುತ್ತಾರೆ. ಮೊದಲ ವರ್ಷದ ಕಾರ್ಯಕ್ರಮವಾದರೆ "ಇದು ಮೊದಲ ವರ್ಷ. ಈವರೆಗೆ ಇಷ್ಟು ಕಾಲೇಜುಗಳು ಹೆಸರು ಕೊಟ್ಟಿವೆ" ಎಂದು ಬರೆಯಿರಿ.

ಬೇರೆ ಬ್ಯಾಗ್ ಅಂಗಡಿಯನ್ನು ಸೇರಿಸುವುದಿಲ್ಲ ಎಂಬ ಮಾತು ಕೊಡುವ ಮೊದಲು ಕ್ಲಬ್ಬಿನ ಎಲ್ಲರಿಗೂ ತಿಳಿಸಿ. ಒಂದು ವರ್ಷ ನಾನು ತಿದ್ದಿದ ಪತ್ರ ಒಂದು ಅಂಗಡಿಗೆ ಹೋಗಿತ್ತು. ಅದು ಗೊತ್ತಿಲ್ಲದೆ ಇನ್ನೊಬ್ಬ ಹುಡುಗ ಅದೇ ಬೀದಿಯ ಎದುರಿನ ಅಂಗಡಿಯಲ್ಲೂ ಅದೇ ಪತ್ರ ಕೊಟ್ಟಿದ್ದ. ಎರಡೂ ಕಡೆ ಮುಖ ತೋರಿಸಲು ಆಗದೆ ನಾನೇ ಹೋಗಿ ಕ್ಷಮೆ ಕೇಳಿದೆ. ಆಗಿನಿಂದ ಯಾವ ಪತ್ರ ಎಲ್ಲಿಗೆ ಹೋಯಿತು ಎಂಬುದಕ್ಕೆ ಒಂದು ಪುಸ್ತಕ ಇಟ್ಟಿದ್ದೇವೆ.

## ಹಂತ 5: ಒಮ್ಮೆ ಗಟ್ಟಿಯಾಗಿ ಓದಿ ಕಡಿಯಿರಿ

ಪತ್ರ ಬರೆದ ಮರುದಿನ ಒಬ್ಬರು ಓದಲಿ, ಇನ್ನೊಬ್ಬರು ಅಂಗಡಿಯವರಂತೆ ಕೂತು ಕೇಳಲಿ. "ಸಹಾಯಹಸ್ತ", "ಅಮೂಲ್ಯ ಸಹಕಾರ", "ಉದಾರ", "ಅದ್ದೂರಿ", "ಸರ್ವತೋಮುಖ" ಎಂಬ ಪದ ಎಲ್ಲಿ ಕೇಳಿದರೂ ಹೊಡೆದುಹಾಕಿ. ಪದ ತೆಗೆದ ಮೇಲೂ ವಾಕ್ಯಕ್ಕೆ ಅರ್ಥ ಉಳಿದರೆ ವಾಕ್ಯ ಇರಲಿ. ಉಳಿಯದಿದ್ದರೆ ಅದೂ ಹೋಗಲಿ.

ಹಾಗೆಂದು ವಿನಯ ಬಿಡಬೇಡಿ. "ಕೋರುತ್ತೇವೆ" ಸರಿ. "ಬೇಡಿಕೊಳ್ಳುತ್ತೇವೆ" ಬೇಡ. "ಮಾನ್ಯರೇ" ಇರಲೇಬೇಕು. ಕೆಲವು ಮಕ್ಕಳು ಬೇಡುವ ಧಾಟಿ ಬಿಡಲು ಹೋಗಿ "ಇದು ನಿಮಗೊಂದು ಸುವರ್ಣಾವಕಾಶ" ಎಂದು ಬರೆಯುತ್ತಾರೆ. ನಲವತ್ತು ವರ್ಷ ಅಂಗಡಿ ನಡೆಸಿದವರಿಗೆ ಆ ಮಾತು ಹಿಡಿಸುವುದಿಲ್ಲ. "ನಿಮಗೆ ಉಪಯೋಗವಾಗಬಹುದು ಎಂದುಕೊಂಡಿದ್ದೇವೆ" ಎಂಬಲ್ಲಿಗೆ ನಿಲ್ಲಿಸಿ.

## ಹಂತ 6: ಪತ್ರ ಕೊಡುವ ದಿನ, ಕೊಡುವ ರೀತಿ

ಕಾರ್ಯಕ್ರಮಕ್ಕೆ ನಾಲ್ಕೈದು ವಾರ ಮೊದಲು ಕೊಡಿ. ಬ್ಯಾಗ್ ಅಂಗಡಿಗೆ ಮೇ ಕೊನೆ, ಜೂನ್ ಮೊದಲ ವಾರ ಹೋಗಬೇಡಿ. ಶಾಲೆ ಶುರುವಾಗುವ ಗಡಿಬಿಡಿಯಲ್ಲಿ ಅವರಿಗೆ ತಲೆ ಎತ್ತಲು ಆಗುವುದಿಲ್ಲ. ಅಷ್ಟಮಿ, ವಿಟ್ಲಪಿಂಡಿಯ ಹತ್ತಿರವೂ ಬೇಡ. ಆಗ ಎಲ್ಲ ಸಂಘದವರೂ ರಶೀದಿ ಪುಸ್ತಕ ಹಿಡಿದು ಹೊರಟಿರುತ್ತಾರೆ.

ಬೆಳಿಗ್ಗೆ 11ರ ಹೊತ್ತಿಗೆ ಇಬ್ಬರು ಹೋಗಿ. ಎಂಟು ಜನ ಹೋದರೆ ಅದೇ ವಂತಿಗೆಯ ಗುಂಪು ಎನಿಸುತ್ತದೆ. ಗಿರಾಕಿ ಇದ್ದರೆ ಬದಿಗೆ ನಿಲ್ಲಿ. ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಆಗಲಿ, ಮೊದಲ ವಾಕ್ಯ "ಜುಲೈ 18ಕ್ಕೆ ನಮ್ಮಲ್ಲಿಗೆ ಬರುವ 80 ಮಕ್ಕಳಲ್ಲಿ ಹಲವರು ಸಂಜೆ ನಿಮ್ಮ ಅಂಗಡಿ ಹತ್ತಿರದ ಬಸ್‌ಸ್ಟ್ಯಾಂಡಿಗೆ ಬರ್ತಾರೆ" ಎಂಬ ಅರ್ಥದ್ದಿರಲಿ.

ವಿದ್ಯಾರ್ಥಿಯ ಸ್ವಂತ ಫೋನಿನ ಯುಪಿಐ ಕ್ಯೂಆರ್ ಕೋಡನ್ನು ಪತ್ರದಲ್ಲಿ ಮುದ್ರಿಸಬೇಡಿ. ಅದೊಂದರಿಂದಲೇ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ನಗದಿಗಿಂತ ಚೆಕ್ ಅಥವಾ ಖಾತೆಗೆ ವರ್ಗಾವಣೆ ಅವರಿಗೂ ಒಳ್ಳೆಯದು. ಒಂದೇ ದಿನ ಒಬ್ಬರಿಗೆ 10,000 ರೂ.ಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ವ್ಯಾಪಾರದ ಖರ್ಚಾಗಿ ತೋರಿಸಲು ಸಾಮಾನ್ಯವಾಗಿ ಆಗುವುದಿಲ್ಲ.

## ಕೌಂಟರಿನಲ್ಲಿ ಸಿಗುವ ಸೂಚನೆಗಳು

ಪತ್ರ ಕೆಲಸ ಮಾಡಿತೋ ಇಲ್ಲವೋ ಎಂದು ಅವರ ಮೊದಲ ಪ್ರಶ್ನೆಯಲ್ಲೇ ತಿಳಿಯುತ್ತದೆ. "ಎಷ್ಟು ಹೊತ್ತಿಗೆ ಮುಗಿಯುತ್ತದೆ?", "ಕೂಪನ್ ಯಾರು ಪ್ರಿಂಟ್ ಮಾಡುವುದು?", "ಹೋದ ವರ್ಷ ಯಾರು ಕೊಟ್ಟಿದ್ದು?" ಎಂದು ಕೇಳಿದರೆ ಅವರು ವ್ಯಾಪಾರವಾಗಿ ಓದಿದ್ದಾರೆ. ಏನೂ ಕೇಳದೆ ಗಲ್ಲಾಪೆಟ್ಟಿಗೆ ಎಳೆದು 500ರ ನೋಟು ತೆಗೆದರೆ ಪತ್ರ ಇನ್ನೂ ವಂತಿಗೆಯಂತೆಯೇ ಕಾಣುತ್ತಿದೆ. ಆಗ ನೋಟು ತೆಗೆದುಕೊಳ್ಳುವ ಮೊದಲು "ಇದನ್ನು ಒಮ್ಮೆ ಓದಿ ನೋಡಿ, ನಾವು 25ಕ್ಕೆ ಬರುತ್ತೇವೆ" ಎಂದು ಹೇಳಿ ಬನ್ನಿ. ಮನೆಗೆ ಬಂದು ಹಂತ 3ನ್ನು ಮತ್ತೆ ಮಾಡಿ.

25ಕ್ಕೆ ಹೋದಾಗ "ನೋಡೋಣ" ಎಂದರೆ ಇನ್ನೊಂದು ದಿನ ಕೇಳಿ, ಅದೇ ಕೊನೆ. ಮೂರನೆಯ ಸಲ ಹೋಗುವುದು ಕಾಡಿದಂತಾಗುತ್ತದೆ. ಪತ್ರದಲ್ಲಿ ಎಷ್ಟು ಮರ್ಯಾದೆ ಉಳಿಸಿಕೊಂಡಿದ್ದರೂ ಅಲ್ಲಿಗೆ ಹೋಯಿತು.

## ಹಂತ 7: ಹತ್ತು ದಿನದೊಳಗೆ ಲೆಕ್ಕ ಕೊಡಿ

ಒಂದು ಪುಟ ಸಾಕು. ಎಷ್ಟು ಕಾಲೇಜು ಬಂತು, ಎಷ್ಟು ಮಕ್ಕಳು, ಎಷ್ಟು ಕೂಪನ್ ಹಂಚಿದೆವು, 10,000 ಯಾವ ಬಹುಮಾನಕ್ಕೆ ಹೋಯಿತು. ಬಹುಮಾನ ಕೊಡುವ ಒಂದು ಫೋಟೊ, ಬ್ಯಾನರ್ ಕಾಣುವ ಒಂದು ಫೋಟೊ. 80ರ ಬದಲು 71 ಜನ ಬಂದಿದ್ದರೆ 71 ಎಂದೇ ಬರೆಯಿರಿ, ಉಳಿದ ಕೂಪನ್ನುಗಳನ್ನು ಹಿಂದಿರುಗಿಸಿ.

15 ದಿನದ ಅವಧಿ ಮುಗಿದ ಮೇಲೆ ಅಂಗಡಿಗೆ ಹೋಗಿ, ಡಬ್ಬದಲ್ಲಿ ಎಷ್ಟು ಕೂಪನ್ ಬಿದ್ದಿವೆ ಎಂದು ಕೇಳಿ. ಅಲ್ಲೇ ನಿಂತು ಎಣಿಸಿಕೊಂಡು ಬಂದರೂ ಸರಿ. ಆ ಅಂಕಿಯನ್ನು, ಅದು ಎಂಟೇ ಆಗಿದ್ದರೂ, ಪತ್ರದ ಪ್ರತಿಯ ಹಿಂದೆ ಬರೆದು ಕ್ಲಬ್ಬಿನ ಫೈಲಿನಲ್ಲಿ ಇಡಿ. ಮುಂದಿನ ಜೂನಿನಲ್ಲಿ ಬರುವ ಹೊಸ ಕಾರ್ಯದರ್ಶಿ ತನ್ನ ಪತ್ರವನ್ನು ಆ ಅಂಕಿಯಿಂದಲೇ ಶುರು ಮಾಡಬಹುದು.